ಡ್ಯಾಶ್‌ಬೋರ್ಡ್ ಕೆಟ್ಟಾಗ ಹಿಂದಕ್ಕೆ ಹೋಗುವ ದಾರಿ

ಮಳೆಗಾಲ ಶುರುವಾಯಿತೆಂದರೆ ಪತ್ರಿಕೆಗಳಲ್ಲಿ ಜಲಾಶಯಗಳ ಪಟ್ಟಿಗೆ ಒಂದು ಮೂಲೆ ಮೀಸಲು. ಕೆಆರ್‌ಎಸ್ ತುಂಬಲು ಇನ್ನೆಷ್ಟು ಅಡಿ ಬೇಕು, ಕಬಿನಿಯ ಒಳಹರಿವು ಎಷ್ಟು, ಆಲಮಟ್ಟಿಯಿಂದ ಎಷ್ಟು ನೀರು ಹೊರಬಿಟ್ಟರು ಎಂದು ಜನ ಕಾದು ನೋಡುತ್ತಾರೆ. ಈಗ ಇದೇ ಪಟ್ಟಿ ಬಣ್ಣದ ಪಟ್ಟೆಗಳ ಡ್ಯಾಶ್‌ಬೋರ್ಡ್ ಆಗಿ ಮೊಬೈಲಿಗೂ ಬರುತ್ತದೆ. ಒಂದು ಸಣ್ಣ ತಂಡ ಅಂಥದ್ದನ್ನು ನಡೆಸುತ್ತಿದೆ ಎಂದುಕೊಳ್ಳಿ. ರಾಜ್ಯದ 14 ಪ್ರಮುಖ ಜಲಾಶಯಗಳು, ಪ್ರತಿಯೊಂದಕ್ಕೂ ಮಟ್ಟ, ಸಂಗ್ರಹ, ಒಳಹರಿವು, ಹೊರಹರಿವು. ದಿನವೂ ಬೆಳಿಗ್ಗೆ ಎಂಟೂವರೆಗೆ ಸರ್ವರ್‌ನಲ್ಲಿ ಒಂದು ಸ್ಕ್ರಿಪ್ಟ್ ತಾನಾಗಿ ಓಡಿ, ಹೊಸ ಅಂಕಿಗಳನ್ನು ತಂದು ಪುಟವನ್ನು ರಿಫ್ರೆಶ್ ಮಾಡುತ್ತದೆ.

ಆ ಸ್ಕ್ರಿಪ್ಟಿನ ಮುಖ್ಯ ಸಾಲು ಬಹಳ ಕಡೆ ಹೀಗಿರುತ್ತದೆ:

```
python3 fetch.py > data.json
```

ನೋಡಲು ಸಾಧುವಾದ ಸಾಲು. ಆದರೆ ಇದರಲ್ಲಿ ನಡೆಯುವ ಕೆಲಸದ ಕ್ರಮ ಗಮನಿಸಬೇಕು. `>` ಚಿಹ್ನೆ ಕಂಡ ಕೂಡಲೇ ಶೆಲ್ ಮೊದಲು ಮಾಡುವ ಕೆಲಸ `data.json` ಕಡತವನ್ನು ಖಾಲಿ ಮಾಡುವುದು. ಪೈಥಾನ್ ಕಾರ್ಯಕ್ರಮ ಶುರುವಾಗುವುದು ಅದಾದ ಮೇಲೆ. ಅಂಕಿ ಕೊಡುವ ತಾಣ ಆ ಹೊತ್ತಿಗೆ ಬಿದ್ದಿದ್ದರೆ ಕಾರ್ಯಕ್ರಮ ಅರ್ಧದಲ್ಲೇ ನಿಲ್ಲುತ್ತದೆ. ಹೊಸ ಅಂಕಿ ಬರಲಿಲ್ಲ, ನಿನ್ನೆಯದೂ ಉಳಿಯಲಿಲ್ಲ. ಒಂದು ನಿಮಿಷದ ಹಿಂದೆ ಸರಿಯಾಗಿಯೇ ಇದ್ದ ಪುಟ ಈಗ 14 ಖಾಲಿ ಚೌಕಗಳನ್ನು ತೋರಿಸುತ್ತಿದೆ. ಅದನ್ನು ಹಾಳು ಮಾಡಿದ್ದು ಆ ತಾಣವಲ್ಲ, ನಾವೇ.

ಆದ್ದರಿಂದ ಮೊದಲ ಕೆಲಸ, ಜನ ನೋಡುತ್ತಿರುವ ಕಡತದ ಮೇಲೆಯೇ ಬರೆಯುವುದನ್ನು ಬಿಡುವುದು. ಪ್ರತಿ ರಿಫ್ರೆಶ್‌ಗೂ ಹೊಸ ಫೋಲ್ಡರ್ ಮಾಡಿ, ಅಂಕಿಗಳನ್ನೂ ಪುಟವನ್ನೂ ಅಲ್ಲೇ ಪೂರ್ತಿ ಸಿದ್ಧಪಡಿಸಬೇಕು. ಜನರಿಗೆ ಯಾವ ಫೋಲ್ಡರ್ ಕಾಣಬೇಕು ಎಂಬುದನ್ನು ಒಂದು ಸಿಮ್‌ಲಿಂಕ್, ಅಂದರೆ ಬೇರೆ ಜಾಗದತ್ತ ಬೊಟ್ಟು ಮಾಡುವ ಒಂದು ಹೆಸರು, ತೀರ್ಮಾನಿಸುತ್ತದೆ.

```
/srv/jalashaya/
  releases/2024-08-10T0830/
  releases/2024-08-11T0830/
  current   -> releases/2024-08-10T0830
  last_good -> releases/2024-08-10T0830
```

ವೆಬ್ ಸರ್ವರ್ ನೋಡುವುದು `current` ಒಂದನ್ನೇ. 11ನೇ ತಾರೀಕಿನ ಫೋಲ್ಡರಿನಲ್ಲಿ ಏನೇ ಎಡವಟ್ಟಾಗುತ್ತಿರಲಿ, `current` ಅತ್ತ ತಿರುಗುವವರೆಗೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ತಿರುಗಿಸುವುದಕ್ಕೆ ಎರಡು ಸಾಲು ಸಾಕು:

```
ln -sfn releases/2024-08-11T0830 current.new
mv -T current.new current
```

ನೇರವಾಗಿ `current` ಮೇಲೆಯೇ `ln -sfn` ಓಡಿಸಬಹುದಲ್ಲ, ನಡುವೆ `current.new` ಏಕೆ ಎಂದು ಕೇಳುವವರಿದ್ದಾರೆ. ಹಾಗೆ ಓಡಿಸಿದರೆ ಕೆಲವು ವ್ಯವಸ್ಥೆಗಳಲ್ಲಿ ಹಳೆಯ ಲಿಂಕ್ ಅಳಿಸಿ ಹೊಸದು ಮಾಡುವ ನಡುವೆ `current` ಎಂಬುದೇ ಇಲ್ಲದ ಒಂದು ಕ್ಷಣ ಬರುತ್ತದೆ. ಆ ಕ್ಷಣದಲ್ಲಿ ಪುಟ ತೆರೆದವರಿಗೆ ಸಿಗುವುದು 404. ಹೆಸರು ಬದಲಿಸುವ `mv` ಹಾಗಲ್ಲ. ಒಂದೇ ಡಿಸ್ಕ್ ವಿಭಾಗದೊಳಗೆ ಅದು ಒಂದೇ ಏಟಿಗೆ ಮುಗಿಯುತ್ತದೆ, ಹಳೆಯದು ಇರುತ್ತದೆ ಇಲ್ಲವೇ ಹೊಸದು. ಲಿನಕ್ಸ್‌ನಲ್ಲಿ `-T` ಬರೆಯುವುದನ್ನು ಮರೆತರೆ ಮಾತ್ರ `mv` ಆ ಲಿಂಕನ್ನು ಹಳೆಯ ಫೋಲ್ಡರಿನ ಒಳಗೇ ತುರುಕಿ ಸುಮ್ಮನಾಗುತ್ತದೆ. ಪುಟ ಬದಲಾಗುವುದಿಲ್ಲ, ದೋಷದ ಸಂದೇಶವೂ ಬರುವುದಿಲ್ಲ.

ಹಿಂದಕ್ಕೆ ಹೋಗಬೇಕಾದಾಗಲೂ ಇದೇ ಎರಡು ಸಾಲು, `current.new` ಅನ್ನು `last_good` ತೋರಿಸುವ ಫೋಲ್ಡರಿಗೆ ಕಟ್ಟಿದರಾಯಿತು. ರೋಲ್‌ಬ್ಯಾಕ್‌ನ ಯಾಂತ್ರಿಕ ಭಾಗ ಇಷ್ಟೇ. ಮಧ್ಯಾಹ್ನದೊಳಗೆ ಬರೆದು ಮುಗಿಸಬಹುದು. ಕಷ್ಟವಿರುವುದು ಬೇರೆ ಕಡೆ: ಈಗ ಬಂದಿರುವುದು ಸರಿಯೋ ತಪ್ಪೋ ಎಂದು ಮನುಷ್ಯರಿಲ್ಲದ ಹೊತ್ತಿನಲ್ಲಿ ಸ್ಕ್ರಿಪ್ಟ್ ಹೇಗೆ ಹೇಳಬೇಕು?

ಸ್ಕ್ರಿಪ್ಟ್ ದೋಷವಿಲ್ಲದೆ ಮುಗಿಯಿತು ಎಂಬುದು ಸಾಕ್ಷಿಯಾಗುವುದಿಲ್ಲ. ತಾಣದಿಂದ ಕಡತ ತರುವ `curl`, ಎದುರಿನ ಸರ್ವರ್ 500 ಎಂದು ಉತ್ತರಿಸಿದರೂ ತನ್ನ ಮಟ್ಟಿಗೆ ಕೆಲಸ ಆಯಿತೆಂದೇ ವರದಿ ಮಾಡುತ್ತದೆ. `-f` ಸೇರಿಸಿದರೆ ಮಾತ್ರ ಸೋಲನ್ನು ಒಪ್ಪಿಕೊಳ್ಳುತ್ತದೆ. ಎದುರಿನವರು '200, ಎಲ್ಲ ಸರಿ' ಎಂದು ಹೇಳಿ 'ದುರಸ್ತಿ ನಡೆಯುತ್ತಿದೆ' ಎಂಬ ಪುಟ ಕಳಿಸಿದರೆ `-f` ಕೂಡ ಏನೂ ಮಾಡಲಾರದು. ಹಾಗಾಗಿ ಕಡತದ ಒಳಗೇ ಇಳಿದು ನೋಡಬೇಕು.

ಸುಲಭದ ಪರೀಕ್ಷೆಗಳನ್ನು ಬೇಗ ಹೇಳಿಬಿಡುತ್ತೇನೆ. 14 ಸಾಲು ಇವೆಯೇ, ತಾರೀಕು ನಿನ್ನೆಯದಕ್ಕಿಂತ ಮುಂದಿದೆಯೇ, ಖಾಲಿ ಜಾಗಗಳಿವೆಯೇ? ತಾರೀಕು ಬದಲಾಗಿದ್ದೂ 14 ಸಾಲಿನ ಎಲ್ಲ ಅಂಕಿಗಳೂ ನಿನ್ನೆಯವೇ ಆಗಿದ್ದರೆ ಯಾರೋ ಹಳೆಯ ಹಾಳೆಗೆ ಹೊಸ ತಾರೀಕು ಹಾಕಿದ್ದಾರೆ ಎಂದರ್ಥ. ಬೇಸಿಗೆಯಲ್ಲಿ ಒಂದೆರಡು ಜಲಾಶಯಗಳ ಮಟ್ಟ ಅಲ್ಲಾಡದೇ ಇರಬಹುದು, ಹದಿನಾಲ್ಕೂ ಹಾಗಿರುವುದಿಲ್ಲ.

ನಂತರದ್ದು ಗರಿಷ್ಠ ಮಟ್ಟದ ಪರೀಕ್ಷೆ. ಪ್ರತಿ ಜಲಾಶಯಕ್ಕೂ ಒಂದು ಪೂರ್ಣ ಮಟ್ಟವಿದೆ. ಕೆಆರ್‌ಎಸ್ 124.80 ಅಡಿ, ಕಬಿನಿ 2,284, ಹಾರಂಗಿ 2,859, ಹೇಮಾವತಿ 2,922, ತುಂಗಭದ್ರಾ 1,633. ಆಲಮಟ್ಟಿಯನ್ನು ರೂಢಿಯಂತೆ ಮೀಟರಿನಲ್ಲಿ ಹೇಳುತ್ತಾರೆ, 519.60. ಕೆಆರ್‌ಎಸ್ ಲೆಕ್ಕ ನದಿಯ ತಳದಿಂದ, ಕಬಿನಿಯದು ಸಮುದ್ರ ಮಟ್ಟದಿಂದ. ಒಂದೇ ಕಾಲಮ್ಮಿನಲ್ಲಿ ಇಷ್ಟು ಬಗೆಯ ಅಳತೆ ಇರುವುದರಿಂದಲೇ 'ಮಟ್ಟ 0ಯಿಂದ 3,000ದ ಒಳಗಿರಬೇಕು' ಎಂಬಂಥ ಒಂದೇ ನಿಯಮ ಎಲ್ಲಕ್ಕೂ ಹಾಕಿದರೆ ಅದರಿಂದ ಏನೂ ಪ್ರಯೋಜನವಿಲ್ಲ. ಪ್ರತಿ ಜಲಾಶಯದ ಮಿತಿ ಬೇರೆ ಬೇರೆಯಾಗಿ ಬರೆದಿಡಬೇಕು, ಪ್ರವಾಹದ ಹೊತ್ತಿಗೆಂದು ಅರ್ಧ ಅಡಿ ಸಡಿಲ ಬಿಟ್ಟು.

ಈಗ ಒಂದು ದಿನ ಹಾರಂಗಿ ಮತ್ತು ಹೇಮಾವತಿಯ ಸಾಲುಗಳು ಅದಲುಬದಲಾದವು ಎಂದಿಟ್ಟುಕೊಳ್ಳಿ. ಎರಡೂ ಬಹುತೇಕ ತುಂಬಿವೆ. ಹಾರಂಗಿಯ ಎದುರು 2,921 ಬಂದಿದೆ, ಪೂರ್ಣ ಮಟ್ಟಕ್ಕಿಂತ 62 ಅಡಿ ಮೇಲೆ. ಪರೀಕ್ಷೆ ಅದನ್ನು ಹಿಡಿಯುತ್ತದೆ. ಹೇಮಾವತಿಯ ಎದುರು 2,858 ಬಂದಿದೆ. ಅದು ಗರಿಷ್ಠಕ್ಕಿಂತ ಕೆಳಗಿರುವುದರಿಂದ ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ, ತುಂಬಿದ ಜಲಾಶಯ ಬರಿದಾದಂತೆ ಕಾಣುತ್ತಿದ್ದರೂ.

ಇಲ್ಲಿ ಅನೇಕರು ಒಂದು ಜಾಣತನ ಮಾಡಲು ಹೋಗುತ್ತಾರೆ. ಕೆಟ್ಟ ಸಾಲನ್ನಷ್ಟೇ ನಿನ್ನೆಯದಕ್ಕೆ ತಿರುಗಿಸಿ, ಉಳಿದ ಹದಿಮೂರನ್ನು ಹೊಸದಾಗಿ ತೋರಿಸುವುದು. ಮೇಲಿನ ಉದಾಹರಣೆಯಲ್ಲಿ ಇದರ ಫಲವೇನು? ಹಾರಂಗಿಗೆ ನಿನ್ನೆಯ ಸರಿಯಾದ ಅಂಕಿ, ಹೇಮಾವತಿಗೆ ಇಂದಿನ ಸುಳ್ಳು ಅಂಕಿ, ಕೆಳಗೆ 'ಕಾವೇರಿ ಕಣಿವೆಯ ಒಟ್ಟು ಸಂಗ್ರಹ' ಎಂಬ ಚೌಕದಲ್ಲಿ ಯಾವ ದಿನಕ್ಕೂ ಸೇರದ ಮೊತ್ತ. ಒಂದು ಸಾಲು ಅಸಾಧ್ಯವೆಂದು ಗೊತ್ತಾದರೆ ಆ ಹಾಳೆಯ ಉಳಿದ ಸಾಲುಗಳ ಮೇಲಿನ ನಂಬಿಕೆಯೂ ಹೋದಂತೆಯೇ. ಇಡೀ ಪುಟವೇ ಹಿಂದಕ್ಕೆ ಹೋಗಬೇಕು. ಈ ವಿಷಯದಲ್ಲಿ ನನಗೆ ರಾಜಿ ಇಲ್ಲ.

ಅಂಕಿಗಳ ಜೊತೆ ಪುಟದ ವಿನ್ಯಾಸವೂ ಅದೇ ಫೋಲ್ಡರಿನಲ್ಲಿ ಇರಬೇಕೆನ್ನುವುದೂ ಇದೇ ಕಾರಣಕ್ಕೆ. ಸೋಮವಾರ ಪುಟಕ್ಕೆ ಹೊಸ ಕಾಲಮ್ ಸೇರಿಸಿ, ಮಂಗಳವಾರ ಅಂಕಿಗಳನ್ನಷ್ಟೇ ಭಾನುವಾರಕ್ಕೆ ಹಿಂದಿರುಗಿಸಿದರೆ, ಹೊಸ ಪುಟ ಹಳೆಯ ಕಡತದಲ್ಲಿ ಇಲ್ಲದ ಕಾಲಮ್ಮನ್ನು ಹುಡುಕಿ ಮುರಿದು ಬೀಳುತ್ತದೆ. ಭಾನುವಾರ ಸರಿಯಾಗಿದ್ದದ್ದು ಅಂಕಿ ಮತ್ತು ಪುಟ ಎರಡರ ಜೋಡಿ.

ಇನ್ನು ಏರಿಳಿತದ ಪರೀಕ್ಷೆಗೆ ಬರೋಣ. ಒಂದು ದಿನದಲ್ಲಿ ಸಂಗ್ರಹ ಸಾಮರ್ಥ್ಯದ ಶೇ 5ಕ್ಕಿಂತ ಹೆಚ್ಚು ಬದಲಾದರೆ ಅನುಮಾನ, ಹಿಂದಕ್ಕೆ ಹೋಗು. ಕೇಳಲು ಸಮಂಜಸವಾದ ನಿಯಮ. ಆದರೆ ನಿಜವಾಗಿ ನಡೆದ ಒಂದು ಘಟನೆಯ ಎದುರು ಅದನ್ನು ಇಟ್ಟು ನೋಡಿ. 2024ರ ಆಗಸ್ಟ್ 10ರ ಶನಿವಾರ ರಾತ್ರಿ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟ್‌ನ ಚೈನ್ ಲಿಂಕ್ ತುಂಡಾಗಿ ಗೇಟ್ ಕೊಚ್ಚಿಹೋಯಿತು. ಜಲಾಶಯ ತುಂಬಿತ್ತು. ಒತ್ತಡ ತಗ್ಗಿಸಲು 33 ಗೇಟ್‌ಗಳಲ್ಲಿ ಉಳಿದವುಗಳಿಂದಲೂ ನೀರು ಬಿಡಬೇಕಾಯಿತು, ಹೊರಹರಿವು ಒಂದು ಲಕ್ಷ ಕ್ಯೂಸೆಕ್ ಆಸುಪಾಸಿಗೆ ಹೋಯಿತು. ಮುಂದಿನ ವಾರ ಸ್ಟಾಪ್‌ಲಾಗ್ ಇಳಿಸುವವರೆಗೆ ಸಂಗ್ರಹ ದಿನದಿನಕ್ಕೂ ಇಳಿಯುತ್ತಲೇ ಇತ್ತು. ನಮ್ಮ ಶೇ 5ರ ನಿಯಮ ಆ ವಾರ ಏನು ಮಾಡುತ್ತಿತ್ತು?

ಲೆಕ್ಕ ಹಾಕಿ ನೋಡೋಣ. ಹೊರಹರಿವು ಒಂದು ಲಕ್ಷ, ಒಳಹರಿವು ಮಾತ್ರ ಲೆಕ್ಕದ ಅನುಕೂಲಕ್ಕೆಂದು ನಾನು ಇಟ್ಟುಕೊಂಡಿರುವ 25 ಸಾವಿರ ಕ್ಯೂಸೆಕ್. ನಿವ್ವಳ ನಷ್ಟ 75 ಸಾವಿರ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ದಿನಕ್ಕೆ 86,400 ಘನ ಅಡಿ. ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಹಾಗಾಗಿ 11,574 ಕ್ಯೂಸೆಕ್ ಇಡೀ ದಿನ ಹರಿದರೆ ಒಂದು ಟಿಎಂಸಿ. 75 ಸಾವಿರ ಕ್ಯೂಸೆಕ್ ದಿನವಿಡೀ ಹೋದರೆ 6.48 ಟಿಎಂಸಿ. 105.79 ಟಿಎಂಸಿ ಸಾಮರ್ಥ್ಯದ ಜಲಾಶಯದಲ್ಲಿ ಅದು ಶೇ 6ಕ್ಕಿಂತ ಹೆಚ್ಚು. ಆಗಸ್ಟ್ 12ರ ಬೆಳಿಗ್ಗೆ ನಮ್ಮ ಸ್ಕ್ರಿಪ್ಟ್ ನಿಜವಾದ ಅಂಕಿಯನ್ನು ತಪ್ಪೆಂದು ಬಗೆದು ಹಿಂದಿನ ದಿನಕ್ಕೆ ಹೋಗುತ್ತಿತ್ತು, 13ಕ್ಕೂ ಅದೇ, 14ಕ್ಕೂ ಅದೇ. ಜನ ಅತಿ ಹೆಚ್ಚು ನೋಡುತ್ತಿದ್ದ ವಾರದಲ್ಲೇ ಪುಟ ಹಳೆಯ ಸಂಗ್ರಹವನ್ನು ಹಿಡಿದು ಕೂತಿರುತ್ತಿತ್ತು.

ಶೇಕಡಾವಾರು ಮಿತಿಯನ್ನು 10ಕ್ಕೋ 15ಕ್ಕೋ ಏರಿಸುವುದು ಪರಿಹಾರವಲ್ಲ, ಆಗ ನಿಜವಾದ ತಪ್ಪುಗಳೂ ದಾಟಿಹೋಗುತ್ತವೆ. ಅದಕ್ಕಿಂತ, ಅದೇ ಹಾಳೆಯಲ್ಲಿರುವ ಬೇರೆ ಅಂಕಿಗಳು ಈ ಬದಲಾವಣೆಯನ್ನು ವಿವರಿಸುತ್ತವೆಯೇ ಎಂದು ಕೇಳಬೇಕು. ಸಂಗ್ರಹ ಇಳಿದಿದ್ದರೆ ಆ ನೀರು ಎಲ್ಲಿಗೋ ಹೋಗಿರಲೇಬೇಕು, ಹೊರಹರಿವಿನ ಕಾಲಮ್ಮಿನಲ್ಲಿ ಅದು ಕಾಣಬೇಕು.

ಇದರಲ್ಲೂ ಒಂದು ತೊಡಕಿದೆ. ಹಾಳೆಯಲ್ಲಿರುವ ಹರಿವು ಬೆಳಿಗ್ಗೆ ಎಂಟರ ಹೊತ್ತಿನದು, ಹಿಂದಿನ 24 ಗಂಟೆಯ ಸರಾಸರಿ ಅಲ್ಲ ಎಂದಿಟ್ಟುಕೊಳ್ಳಿ. ಗೇಟ್ ಹೋದದ್ದು ನಡುರಾತ್ರಿಯ ಸುಮಾರಿಗೆ. ಅಂದರೆ 11ರ ಬೆಳಿಗ್ಗೆ ಹಾಳೆ ಒಂದು ಲಕ್ಷ ಕ್ಯೂಸೆಕ್ ತೋರಿಸಿದರೂ ಅಷ್ಟು ನೀರು ಹೋಗಿರುವುದು ಎಂಟು ಗಂಟೆ ಮಾತ್ರ. ಸಂಗ್ರಹ ಇಳಿದಿರುವುದು 6.48 ಅಲ್ಲ, ಅದರ ಮೂರನೇ ಒಂದು, ಸುಮಾರು 2.16 ಟಿಎಂಸಿ. ಇಂದಿನ ಹರಿವೊಂದನ್ನೇ ನಂಬಿ ಲೆಕ್ಕ ಹಾಕುವ ಪರೀಕ್ಷೆ ಇಲ್ಲಿ ಮುಗ್ಗರಿಸುತ್ತದೆ. ಹಾಗಾಗಿ ಎರಡು ಅಂದಾಜು ಮಾಡಬೇಕು. ನಿನ್ನೆಯ ಹರಿವೇ ದಿನವಿಡೀ ಮುಂದುವರಿದಿದ್ದರೆ ಎಷ್ಟು ಬದಲಾವಣೆ? ನಿನ್ನೆ ಒಳಹರಿವು, ಹೊರಹರಿವು ಸಮನಾಗಿದ್ದರೆ ಉತ್ತರ ಸೊನ್ನೆ. ಇಂದಿನ ಹರಿವೇ ದಿನವಿಡೀ ಇದ್ದಿದ್ದರೆ? 6.48 ಇಳಿಕೆ. ನಿಜವಾದ ಬದಲಾವಣೆ ಈ ಎರಡರ ನಡುವೆ, ಆಚೀಚೆ ಒಂದು ಟಿಎಂಸಿ ಸಡಿಲದೊಳಗೆ ಬಂದರೆ ಒಪ್ಪಿಕೊಳ್ಳಬೇಕು. 2.16 ಒಳಗೆ ಬಂತು, ಪುಟ ಮುಂದೆ ಹೋಯಿತು. 12ರಂದು ಎರಡೂ ಅಂದಾಜು 6.48ರ ಬಳಿಯೇ ಇರುತ್ತವೆ, ಇಳಿಕೆಯೂ ಅಷ್ಟೇ, ಮತ್ತೆ ಪಾಸು.

ಅದೇ 11ರ ಹಾಳೆಯಲ್ಲಿ ಯಾರೋ ದಶಾಂಶದ ಚುಕ್ಕಿ ಒಂದು ಮನೆ ಹಿಂದೆ ಇಟ್ಟು 103.63 ಇರಬೇಕಾದಲ್ಲಿ 10.363 ಎಂದು ಹೊಡೆದಿದ್ದರೆ? ಸಂಗ್ರಹ ಒಂದೇ ದಿನದಲ್ಲಿ 95 ಟಿಎಂಸಿ ಇಳಿದಂತಾಯಿತು. ಅಷ್ಟು ಇಳಿಯಲು ನಿವ್ವಳ ಹೊರಹರಿವು 11 ಲಕ್ಷ ಕ್ಯೂಸೆಕ್ ಬೇಕು. ಹಾಳೆಯಲ್ಲಿರುವುದು ಒಂದು ಲಕ್ಷ. ಪುಟ ಹಿಂದಕ್ಕೆ. ನಿಜವಾದ ಅನಾಹುತ ದಾಟಿತು, ಟೈಪಿಂಗ್ ತಪ್ಪು ಸಿಕ್ಕಿಬಿತ್ತು.

ಈ ಪರೀಕ್ಷೆಯನ್ನು ಅತಿಯಾಗಿ ನಂಬಬೇಕಾಗಿಯೂ ಇಲ್ಲ. ದೊಡ್ಡ ಜಲಾಶಯಕ್ಕೆ ಎಲ್ಲ ಕಡೆಯಿಂದ ಸೇರುವ ನೀರನ್ನು ಅಳೆಯಲಾಗದು. ಮಟ್ಟದ ಬದಲಾವಣೆ ಮತ್ತು ಹೊರಹರಿವಿನಿಂದ ಒಳಹರಿವನ್ನು ಹಿಂದುಮುಂದಾಗಿ ಲೆಕ್ಕ ಹಾಕುವುದು ಸಾಮಾನ್ಯ ಪದ್ಧತಿ. ಹಾಗೆ ಬಂದ ಅಂಕಿಗಳು ತಮ್ಮೊಳಗೆ ತಾಳೆಯಾಗುವುದು ಸಹಜವೇ. ಆದ್ದರಿಂದ ಇದು ಹೇಳುವುದು ಹಾಳೆ ತನ್ನನ್ನು ತಾನು ವಿರೋಧಿಸುತ್ತಿಲ್ಲ ಎಂದಷ್ಟೇ. ರೋಲ್‌ಬ್ಯಾಕ್ ತೀರ್ಮಾನಕ್ಕೆ ಅಷ್ಟು ಸಾಕು. ಸಡಿಲ ಒಂದು ಟಿಎಂಸಿ ಇರಬೇಕೋ ಎರಡೋ ಎಂಬುದನ್ನು ಊಹೆಯಿಂದ ಬರೆಯಬೇಡಿ. ಕಳೆದ ಒಂದೆರಡು ವರ್ಷದ ಹಾಳೆಗಳನ್ನೆಲ್ಲ ಈ ಪರೀಕ್ಷೆಯ ಮೂಲಕ ಓಡಿಸಿ, ಸರಿಯಾಗಿದ್ದ ಎಷ್ಟು ದಿನಗಳನ್ನು ಅದು ತಿರಸ್ಕರಿಸುತ್ತಿತ್ತು ನೋಡಿ. ಆ ಆಗಸ್ಟ್ ವಾರ ಅದರಲ್ಲಿ ಇರಲೇಬೇಕು.

ಪರೀಕ್ಷೆಗಳೆಲ್ಲ ಪಾಸಾಗಿ `current` ತಿರುಗಿದ ಮೇಲೂ ಒಂದು ಸುತ್ತು ಬಾಕಿ. ಹೊರಗಿನಿಂದ, ಓದುಗರು ತೆರೆಯುವ ವಿಳಾಸದಿಂದಲೇ ಪುಟವನ್ನು ತರಿಸಿ ಅದರಲ್ಲಿ ಹೊಸ ಆವೃತ್ತಿಯ ಗುರುತು ಇದೆಯೇ, 14 ಚೌಕಗಳಲ್ಲೂ ಅಂಕಿ ಕಾಣುತ್ತಿದೆಯೇ ನೋಡಬೇಕು. ಇಲ್ಲದಿದ್ದರೆ ತಕ್ಷಣ `last_good` ಕಡೆಗೆ. ಎಲ್ಲ ಸರಿಯಿದ್ದರೆ ಆಗ, ಆಗ ಮಾತ್ರ, `last_good` ಅನ್ನು ಹೊಸ ಫೋಲ್ಡರಿಗೆ ಸರಿಸಬೇಕು.

ಈ 'ಆಗ ಮಾತ್ರ' ಎಂಬುದನ್ನು ತಪ್ಪಿಸಿದವರು ಅನುಭವಿಸುವುದು ಹೀಗೆ. ಅವರ ಬಳಿ `previous` ಎಂಬ ಲಿಂಕ್ ಇರುತ್ತದೆ, ಪ್ರತಿ ರಿಫ್ರೆಶ್‌ನಲ್ಲೂ ಹಿಂದಿನದನ್ನು ಅದು ಹಿಡಿದುಕೊಳ್ಳುತ್ತದೆ. ಎಂಟೂವರೆಯ ರಿಫ್ರೆಶ್ ಕೆಟ್ಟಿತು, ಯಾರೂ ಗಮನಿಸಲಿಲ್ಲ. ಒಂಬತ್ತೂವರೆಗೆ ಮತ್ತೆ ಓಡಿತು, ಅದೂ ಕೆಟ್ಟಿತು. ಈಗ `previous` ತೋರಿಸುವುದು ಎಂಟೂವರೆಯ ಕೆಟ್ಟ ಪ್ರತಿಯನ್ನು. ರೋಲ್‌ಬ್ಯಾಕ್ ನಿಷ್ಠೆಯಿಂದ ಕೆಲಸ ಮಾಡಿ ಒಂದು ಕೆಟ್ಟ ಪುಟದಿಂದ ಇನ್ನೊಂದು ಕೆಟ್ಟ ಪುಟಕ್ಕೆ ಕರೆದೊಯ್ಯುತ್ತದೆ.

ಹಿಂದಕ್ಕೆ ಹೋದ ಮೇಲೂ ಓದುಗರ ಮೊಬೈಲಿನಲ್ಲಿ ಕೆಟ್ಟ ಅಂಕಿಯೇ ಉಳಿಯುವುದುಂಟು. ಬ್ರೌಸರ್ `data.json` ಅನ್ನು ಒಮ್ಮೆ ತಂದಿಟ್ಟುಕೊಂಡಿದೆ, ಹೆಸರು ಅದೇ ಇರುವುದರಿಂದ ಮತ್ತೆ ಕೇಳುವುದಿಲ್ಲ. ಕಡತದ ಹೆಸರಿನಲ್ಲೇ ಆವೃತ್ತಿ ಸೇರಿಸಿ, `data.2024-08-11T0830.json` ಎಂದು. ಯಾವ ಹೆಸರಿನ ಕಡತ ಬೇಕೆಂದು ಹೇಳುವ `index.html` ಅನ್ನು ಮಾತ್ರ ಬ್ರೌಸರ್ ಪ್ರತಿ ಸಲ ಹೊಸದಾಗಿ ಕೇಳುವಂತೆ ಮಾಡಿದರೆ ಈ ತೊಂದರೆ ಇಲ್ಲ.

ಹಳೆಯದನ್ನು ತೋರಿಸುವಾಗ ಹಳೆಯದೆಂದೇ ಹೇಳಬೇಕು. ಎಷ್ಟೋ ಡ್ಯಾಶ್‌ಬೋರ್ಡ್‌ಗಳ ತಲೆಯ ಮೇಲಿನ ತಾರೀಕು ನೋಡುವವರ ಫೋನಿನ ಗಡಿಯಾರದಿಂದ ಬಂದಿರುತ್ತದೆ, `new Date()` ಎಂಬ ಒಂದು ತುಣುಕಿನಿಂದ. ಅಂಕಿ ಮೂರು ದಿನ ಹಿಂದಿನದಾದರೂ ಮೇಲೆ ಇಂದಿನ ತಾರೀಕು ಹೊಳೆಯುತ್ತಿರುತ್ತದೆ. ತಾರೀಕು ಅಂಕಿಗಳ ಜೊತೆಗೇ ಕಡತದಿಂದ ಬರಬೇಕು, 'ಆಗಸ್ಟ್ 10, ಬೆಳಿಗ್ಗೆ 8ರ ಅಂಕಿ. ಇಂದಿನದು ಪರಿಶೀಲನೆಯಲ್ಲಿದೆ' ಎಂದು. ಇದಕ್ಕೊಂದು ಅವಧಿಯೂ ಬೇಕು. ಫೆಬ್ರುವರಿಯಲ್ಲಿ ಎರಡು ದಿನ ಹಳೆಯ ಸಂಗ್ರಹ ತೋರಿಸಿದರೆ ಯಾರಿಗೂ ನಷ್ಟವಿಲ್ಲ. ಜುಲೈ ಕೊನೆಯಲ್ಲಿ ನಿನ್ನೆಯ ಹೊರಹರಿವು ನೋಡಿ ನದಿ ದಂಡೆಯ ಪಂಪ್‌ಸೆಟ್ ಎತ್ತದೆ ಬಿಟ್ಟವರಿಗೆ ನಷ್ಟವಿದೆ. ಮಳೆಗಾಲದಲ್ಲಿ 24 ಗಂಟೆ ಮೀರಿದ ಹರಿವಿನ ಅಂಕಿಯನ್ನು ತೆಗೆದೇಬಿಡುವುದು, ಸಂಗ್ರಹವನ್ನಷ್ಟೇ ತಾರೀಕಿನೊಂದಿಗೆ ಉಳಿಸುವುದು ಲೇಸು ಎಂದು ನನ್ನ ಅಭಿಪ್ರಾಯ.

ಸ್ಕ್ರಿಪ್ಟ್ ತಾನಾಗಿ ಹಿಂದಕ್ಕೆ ಹೋದಾಗ ಯಾರಿಗಾದರೂ ತಿಳಿಸಲೂ ಬೇಕು. 'ರಿಫ್ರೆಶ್ ವಿಫಲ' ಎಂಬ ಸಂದೇಶ ಯಾರೂ ಓದುವುದಿಲ್ಲ. 'ತುಂಗಭದ್ರಾ: ಸಂಗ್ರಹ 105.79ರಿಂದ 10.363, ಹರಿವಿನ ಲೆಕ್ಕಕ್ಕೆ ಹೊಂದಿಲ್ಲ, ಪುಟ ಆಗಸ್ಟ್ 10ರಲ್ಲಿದೆ' ಎಂದು ಬಂದರೆ ಕರ್ತವ್ಯದಲ್ಲಿರುವವರು ಚಹಾ ಮುಗಿಸುವ ಮೊದಲೇ ಚುಕ್ಕಿ ಎಲ್ಲಿ ತಪ್ಪಿದೆ ಎಂದು ಕಂಡುಕೊಳ್ಳುತ್ತಾರೆ. ಅಂಕಿ ನಿಜವೇ ಎಂದು ಖಚಿತವಾದರೆ ಪರೀಕ್ಷೆಯನ್ನು ಆ ಒಂದು ಸಲಕ್ಕೆ ದಾಟಿಸುವ ಅಧಿಕಾರವೂ ಅವರಿಗಿರಬೇಕು, ಯಾರು ಏಕೆ ದಾಟಿಸಿದರು ಎಂಬ ದಾಖಲೆಯೊಂದಿಗೆ.

ಉಳಿದದ್ದು ಹಳೆಯ ಫೋಲ್ಡರ್‌ಗಳ ಗತಿ. ಡಿಸ್ಕ್ ತುಂಬದಿರಲೆಂದು ಯಾರಾದರೂ ಕ್ರಾನ್‌ನಲ್ಲಿ ಈ ಸಾಲು ಹಾಕಿರುತ್ತಾರೆ:

```
find releases -mindepth 1 -maxdepth 1 -mtime +7 -exec rm -rf {} +
```

ಒಂದು ವಾರಕ್ಕಿಂತ ಹಳೆಯದೆಲ್ಲ ಅಳಿಸು ಎಂದು ಅರ್ಥ. ಎಲ್ಲ ಸುಸೂತ್ರವಾಗಿ ನಡೆಯುವ ದಿನಗಳಲ್ಲಿ ಇದರಿಂದ ತೊಂದರೆಯಿಲ್ಲ. ಆದರೆ ಅಂಕಿ ಕೊಡುವವರು ಹಾಳೆಯ ನಮೂನೆಯನ್ನೇ ಬದಲಿಸಿ, ನಮ್ಮ ಸ್ಕ್ರಿಪ್ಟ್ ಸತತ ಹತ್ತು ದಿನ ಪ್ರತಿ ಹಾಳೆಯನ್ನೂ ತಿರಸ್ಕರಿಸಿತು ಎಂದುಕೊಳ್ಳಿ. ಎಂಟೊಂಬತ್ತನೇ ದಿನಕ್ಕೆ ಈ ಸಾಲು ಕೊನೆಯ ಸರಿಯಾದ ಫೋಲ್ಡರನ್ನೂ ಅಳಿಸುತ್ತದೆ. `current`, `last_good` ಎರಡೂ ಇಲ್ಲದ ಜಾಗಕ್ಕೆ ಬೊಟ್ಟು ಮಾಡುತ್ತಿರುತ್ತವೆ, ಉಳಿದಿರುವ ಫೋಲ್ಡರ್‌ಗಳೆಲ್ಲ ತಿರಸ್ಕೃತವಾದವೇ. ಅಳಿಸುವ ಮೊದಲು ಆ ಎರಡು ಲಿಂಕ್‌ಗಳು ತೋರಿಸುವ ಫೋಲ್ಡರ್‌ಗಳನ್ನು `readlink` ನಿಂದ ಕಂಡುಕೊಂಡು ಪಟ್ಟಿಯಿಂದ ಹೊರಗಿಡಬೇಕು, ಅವು ಎಷ್ಟೇ ಹಳೆಯವಾಗಿರಲಿ. ಪರೀಕ್ಷೆ ಪಾಸಾದ ಇನ್ನೂ ಮೂರು ನಾಲ್ಕು ಪ್ರತಿಗಳನ್ನು ವಯಸ್ಸು ನೋಡದೆ ಉಳಿಸಿಕೊಂಡರೆ ಒಳ್ಳೆಯದು. ಹದಿನಾಲ್ಕು ಜಲಾಶಯಗಳ ಒಂದು ದಿನದ ಪುಟ ಹೆಚ್ಚೆಂದರೆ ಕೆಲವು ನೂರು ಕಿಲೋಬೈಟ್, ಅದಕ್ಕಾಗಿ ಡಿಸ್ಕ್ ಉಳಿಸುವ ಗಡಿಬಿಡಿ ಬೇಕಾಗಿಲ್ಲ.